ಎಂಟು ಸಾಲಿನ ಮರ: ವಿಭಕ್ತಿಗೊಂದು ಬಾಯಿಪಾಠ

ಪರೀಕ್ಷೆ ಹತ್ತಿರ ಬಂದಾಗ ಕನ್ನಡ ವ್ಯಾಕರಣದಲ್ಲಿ ಮಕ್ಕಳು ಮತ್ತೆ ಮತ್ತೆ ತಿರುವಿಹಾಕುವ ಪಟ್ಟಿ ಎಂದರೆ ವಿಭಕ್ತಿ ಪ್ರತ್ಯಯಗಳದ್ದು. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ, ಇಗೆ, ಕ್ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ, ಕೊನೆಗೆ ಸಂಬೋಧನೆಯ ಏ. ಮೂರು ಕಂಬ ಎಳೆದು ಬರೆದುಕೊಂಡ ಈ ಪಟ್ಟಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಬಾಯಲ್ಲಿ ಹೇಳಲು ಹೊರಟರೆ ನಾಲ್ಕನೆಯದರ ಹತ್ತಿರ ನಾಲಿಗೆ ತಡವರಿಸುತ್ತದೆ, ಐದನೆಯದರ ಹತ್ತಿರ ನಿಂತೇಬಿಡುತ್ತದೆ. ಪಟ್ಟಿಗೆ ಲಯವಿಲ್ಲ. ಒಂದು ಸಾಲು ಬಿಟ್ಟುಹೋದರೂ ಕಿವಿಗೆ ಗೊತ್ತಾಗುವುದಿಲ್ಲ.

ಪದ್ಯದ ಉಪಯೋಗ ಇರುವುದು ಇಲ್ಲಿ. ಛಂದಸ್ಸಿಗೆ ಸರಿಯಾಗಿ ಕಟ್ಟಿದ ಪದ್ಯದಲ್ಲಿ ಒಂದು ಸಾಲು ಜಾರಿದರೆ, ಒಂದು ಅಕ್ಷರ ಹೆಚ್ಚಾದರೆ, ಹೇಳುವವರಿಗೇ ಎಡವಿದ ಹಾಗಾಗುತ್ತದೆ. ನಮ್ಮ ಹಳೆಯ ವ್ಯಾಕರಣಕಾರರು ಇದನ್ನು ಚೆನ್ನಾಗಿ ಬಲ್ಲವರು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಬರೆದದ್ದು ಕಂದಪದ್ಯಗಳಲ್ಲಿ. ಹಳಗನ್ನಡದ ವಿಭಕ್ತಿ ಪ್ರತ್ಯಯಗಳನ್ನು ಒಂದಾದ ಮೇಲೊಂದರಂತೆ ಅವನು ಪದ್ಯದ ಒಳಗೇ ಪೋಣಿಸಿಟ್ಟ. ಸಂಸ್ಕೃತದಲ್ಲಿ ಇದಕ್ಕೆ ಇನ್ನೊಂದು ದಾರಿ ಇದೆ. ‘ರಾಮರಕ್ಷಾ ಸ್ತೋತ್ರ’ದ ಕೊನೆಯ ಭಾಗದ ಒಂದು ಶ್ಲೋಕದಲ್ಲಿ ರಾಮಶಬ್ದದ ಏಕವಚನದ ಎಂಟೂ ರೂಪಗಳು ಸಾಲಾಗಿ ಬರುತ್ತವೆ. ರಾಮ ಗೆಲ್ಲುತ್ತಾನೆ ಎಂದು ಶುರುವಾಗಿ, ಓ ರಾಮ ನನ್ನನ್ನು ಕಾಪಾಡು ಎಂಬಲ್ಲಿಗೆ ಅದು ಮುಗಿಯುತ್ತದೆ. ಕನ್ನಡದ ಎಷ್ಟೋ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಹೇಳಿಕೊಂಡ ಮಕ್ಕಳಿಗೆ ಮುಂದೆ ಸಂಸ್ಕೃತ ಪಾಠದಲ್ಲಿ ವಿಭಕ್ತಿಗಳ ಕ್ರಮ ಹೊಸದೆನ್ನಿಸುವುದಿಲ್ಲ.

ಹಾಗಾದರೆ ಕನ್ನಡಕ್ಕೂ ಅದೇ ಬಗೆಯ ಒಂದು ಪದ್ಯ, ಅದೇ ರಾಮನನ್ನು ಇಟ್ಟುಕೊಂಡು, ಕಟ್ಟಿಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಪಾಠದ ಪುಸ್ತಕಗಳಲ್ಲೂ ಉದಾಹರಣೆಗೆ ಹೆಚ್ಚಾಗಿ ಬರುವವನು ರಾಮನೇ. ಆದರೆ ಕನ್ನಡದ ವಿಭಕ್ತಿ ಕಲಿಸಲು ರಾಮ ಸರಿಯಾದ ಉದಾಹರಣೆ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಹೇಳುತ್ತೇನೆ.

ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ, ರಾಮನಲ್ಲಿ. ಇವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಎಲ್ಲ ರೂಪಗಳಲ್ಲೂ ರಾಮ ಎಂಬುದರ ಬೆನ್ನಿಗೆ ‘ನ’ಕಾರ ಅಂಟಿಕೊಂಡೇ ಬರುತ್ತದೆ. ಅದು ಪ್ರತ್ಯಯದ ಭಾಗವಲ್ಲ. ಅಕಾರದಲ್ಲಿ ಮುಗಿಯುವ ಪುಲ್ಲಿಂಗ ಪದಕ್ಕೂ ಪ್ರತ್ಯಯಕ್ಕೂ ನಡುವೆ ಬಂದು ಸೇರುವ ಆಗಮಾಕ್ಷರ ಅದು. ಆದರೆ ಎಲ್ಲ ಕಡೆಯೂ ಅದೊಂದೇ ಅಕ್ಷರ ಕಂಡರೆ ಮಗುವಿಗೆ ಈ ಭೇದ ತಿಳಿಯುವುದು ಹೇಗೆ? ‘ರಾಮನನ್ನು’ ಪದದ ಪ್ರತ್ಯಯ ಯಾವುದು ಎಂದು ಕೇಳಿದರೆ ‘ನನ್ನು’ ಎಂದು ಬರೆಯುವ ಮಕ್ಕಳು ಬುದ್ಧಿ ಇಲ್ಲದವರಲ್ಲ. ಅವರು ಕಂಡದ್ದನ್ನೇ ಬರೆಯುತ್ತಿದ್ದಾರೆ. ಜೊತೆಗೆ, ರಾಮನಿಗೆ ಎಂಬ ರೂಪ ಚತುರ್ಥಿಯ ‘ಇಗೆ’ಯನ್ನಷ್ಟೇ ತೋರಿಸುತ್ತದೆ. ‘ಕ್ಕೆ’ ಎಂಬ ಇನ್ನೊಂದು ರೂಪ ರಾಮನ ಬಳಿ ಸುಳಿಯುವುದೇ ಇಲ್ಲ.

ಅದೇ ‘ಮರ’ವನ್ನು ತೆಗೆದುಕೊಳ್ಳಿ. ಮರವು, ಮರವನ್ನು ಎನ್ನುವಾಗ ನಡುವೆ ‘ವ’ಕಾರ ಬಂತು. ಮರದಿಂದ, ಮರದ, ಮರದಲ್ಲಿ ಎನ್ನುವಾಗ ‘ದ’ಕಾರ ಬಂತು. ಮರಕ್ಕೆ ಎನ್ನುವಾಗ ಆ ಎರಡೂ ಇಲ್ಲ. ನಡುವಿನ ಅಕ್ಷರ ಬದಲಾಗುತ್ತಿರುವುದರಿಂದಲೇ ಅದು ಬೇರೆ, ಪ್ರತ್ಯಯ ಬೇರೆ ಎಂದು ತೋರಿಸಿಕೊಡಲು ಬರುತ್ತದೆ. ಒಂದೇ ಪದದಲ್ಲಿ ಇಷ್ಟು ಬಗೆ ಸಿಗುವುದು ಕಲಿಸುವವರ ಪುಣ್ಯ. ಅದಕ್ಕೇ ಈ ಲೇಖನಕ್ಕೆಂದು ಕಟ್ಟಿದ ಪದ್ಯದಲ್ಲಿ ಮರವನ್ನೇ ಇಟ್ಟುಕೊಂಡಿದ್ದೇನೆ. ಸಾಲಿಗೊಂದು ವಿಭಕ್ತಿ, ಸಾಲಿನ ಮೊದಲಲ್ಲಿ ಉದಾಹರಣೆ, ಕೊನೆಯಲ್ಲಿ ಪ್ರತ್ಯಯ.

ಮರವು ಬಲು ಸೊಂಪಾಯ್ತು, ಮೊದಲನೆಯ ‘ಉ’ ಎನುವುದು
ಮರವನ್ನು ಬೆಳೆಸಿದರು, ಎರಡನೆಯ ‘ಅನ್ನು’ ಇದು
ಮರದಿಂದ ಮನೆ ಕಟ್ಟು, ಮೂರನೆಯ ‘ಇಂದ’ ಇದು
ಮರಕ್ಕೆ ಬಿಸಿಲು ಬೇಕು, ನಾಲ್ಕನೆಯ ‘ಗೆ’, ‘ಕ್ಕೆ’ ಇವು
ಮರದ ದೆಸೆಯಿಂದ ಫಲ, ಐದನೆಯ ‘ದೆಸೆಯಿಂದ’
ಮರದ ಎಲೆ ಹಸಿರಾಯ್ತು, ಆರನೆಯ ‘ಅ’ ಎನುವುದು
ಮರದಲ್ಲಿ ಗಿಳಿಯುಂಟು, ಏಳನೆಯ ‘ಅಲ್ಲಿ’ ಇದು
ಮರವೇ ಬದುಕು ನೂರು, ಎಂಟನೆಯ ‘ಏ’ಕಾರ

ಇದರ ಲಯವನ್ನು ನಾನು ಆರಿಸಿಕೊಂಡೆ ಎನ್ನುವುದಕ್ಕಿಂತ ಕನ್ನಡವೇ ಕೊಟ್ಟಿತು ಎನ್ನಬೇಕು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಹಿಡಿದ ಅಕ್ಷರಕ್ಕೂ ಎರಡು. ಛಂದಸ್ಸಿನ ಇಷ್ಟು ಲೆಕ್ಕ ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ನೆನಪಿರುತ್ತದೆ. ಆ ಲೆಕ್ಕದಲ್ಲಿ ‘ಮರವನ್ನು’ ಐದು ಮಾತ್ರೆ, ‘ಮರದಿಂದ’ ಐದು, ‘ಮರದಲ್ಲಿ’ ಐದು, ‘ದೆಸೆಯಿಂದ’ ಐದು. ಇಷ್ಟೇ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಎಣಿಕೆಯ ಪದಗಳನ್ನೂ ನೋಡಿ. ಮೊದಲನೆಯ, ಎರಡನೆಯ, ಮೂರನೆಯ, ನಾಲ್ಕನೆಯ, ಐದನೆಯ, ಆರನೆಯ, ಏಳನೆಯ, ಎಂಟನೆಯ. ಎಂಟಕ್ಕೆ ಎಂಟೂ ಐದೈದು ಮಾತ್ರೆಯವು. ‘ಎರಡನೆಯ’ದಲ್ಲಿ ಐದು ಹ್ರಸ್ವಗಳು. ‘ಮೂರನೆಯ’ದಲ್ಲಿ ಒಂದು ದೀರ್ಘ, ಮೂರು ಹ್ರಸ್ವ. ‘ನಾಲ್ಕನೆಯ’ದಲ್ಲಿ ಒತ್ತು ಇದ್ದರೂ ಅದರ ಹಿಂದಿನ ‘ನಾ’ ಮೊದಲೇ ದೀರ್ಘವಾದ್ದರಿಂದ ಮೊತ್ತ ಏರುವುದಿಲ್ಲ. ಐದು ಮಾತ್ರೆಯ ನಾಲ್ಕು ಗಣ ಸೇರಿದರೆ ಒಂದು ಸಾಲು. ಇದು ಲಲಿತ ರಗಳೆಯ ಲೆಕ್ಕ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಐದರ ಈ ಓಟ ಕಿವಿಯಲ್ಲಿ ಕೂತಿರುತ್ತದೆ, ಏಕೆಂದರೆ ಅದರ ವಾರ್ಧಕ ಷಟ್ಪದಿಯೂ ಐದರ ಗಣಗಳ ಮೇಲೇ ನಡೆಯುತ್ತದೆ.

ಉದಾಹರಣೆಯ ಪದವನ್ನು ಸಾಲಿನ ತಲೆಗೆ ಇಟ್ಟದ್ದರಿಂದ ಇನ್ನೊಂದು ಅನುಕೂಲ ತಾನಾಗಿ ಒದಗಿತು. ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಕನ್ನಡ ಪದ್ಯದ ಆದಿಪ್ರಾಸದ ನಿಯಮ. ಇಲ್ಲಿ ಎಂಟೂ ಸಾಲುಗಳ ಎರಡನೆಯ ಅಕ್ಷರ ‘ರ’ವೇ. ಪ್ರಾಸಕ್ಕಾಗಿ ಒಂದು ಪದವನ್ನೂ ಹುಡುಕಬೇಕಾಗಲಿಲ್ಲ. ಹೇಳುವವರಿಗೆ ಸಾಲು ಎಲ್ಲಿಂದ ಹಿಡಿಯಬೇಕು ಎಂಬ ತಡವರಿಕೆಯೂ ಇರುವುದಿಲ್ಲ. ಮರ ಎಂದರೆ ಸಾಕು, ಮುಂದೆ ಬರುವ ವ, ದ, ಕ್ಕೆಗಳು ದಾರಿ ತೋರಿಸುತ್ತವೆ.

ಒಂದು ಕಡೆ ಮಾತ್ರ ಲಯ ಮುಗ್ಗರಿಸುತ್ತದೆ. ನಾಲ್ಕನೆಯ ಸಾಲನ್ನು ಹಾಡಿಕೊಂಡು ನೋಡಿ. ‘ಮರಕ್ಕೆ’ ಎನ್ನುವಲ್ಲಿ ಮೊದಲು ಹ್ರಸ್ವ, ಕೂಡಲೇ ಒತ್ತಕ್ಷರದಿಂದ ಗುರುವಾದ ‘ರ’. ಲಘುವಿನ ಬೆನ್ನಿಗೆ ಗುರು ಬಂದು ಗಣ ಶುರುವಾಗಬಾರದು ಎಂದು ಷಟ್ಪದಿಯ ಕವಿಗಳು ಎಚ್ಚರ ವಹಿಸುತ್ತಿದ್ದರು. ಹಾಗೆ ಬಂದರೆ ಓಟ ಮುರಿಯುತ್ತದೆ. ಇಂಥ ಕಡೆ ಕವಿಗಳು ಒತ್ತನ್ನು ಬಿಟ್ಟು ‘ಮರಕೆ’ ಎಂದುಬಿಡುತ್ತಾರೆ. ಹಾಗೆ ಮಾಡಿದ್ದರೆ ಈ ಸಾಲೂ ನಯವಾಗುತ್ತಿತ್ತು. ಆದರೆ ಇದು ಪ್ರತ್ಯಯ ನೆನಪಿಡಲು ಇರುವ ಪದ್ಯ. ‘ಕ್ಕೆ’ಯ ಒತ್ತನ್ನು ಕಲಿಸಬೇಕಾದ ಸಾಲಿನಲ್ಲೇ ಒತ್ತು ಬಿಟ್ಟರೆ ಪದ್ಯದ ಉದ್ದೇಶವೇ ಕೆಟ್ಟಂತೆ. ಹಾಗಾಗಿ ಲಯದಲ್ಲಿ ಈ ಒಂದು ಕೊರತೆಯನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ.

ಸಂಧಿಯ ವಿಷಯದಲ್ಲೂ ಹಾಗೆಯೇ ಮಾಡಬೇಕಾಯಿತು. ಸ್ವರದ ಎದುರು ಸ್ವರ ಬಂದಾಗ ಸಂಧಿ ಮಾಡದೆ ಬಿಡುವುದು ಪದ್ಯದಲ್ಲಿ ದೋಷ. ಆದರೆ ‘ಎರಡನೆಯ’ ಮತ್ತು ‘ಅನ್ನು’ ಎಂಬುವನ್ನು ಸಂಧಿ ಮಾಡಿದರೆ ‘ಎರಡನೆಯನ್ನು’ ಆಗುತ್ತದೆ, ಪ್ರತ್ಯಯ ಎಣಿಕೆಯ ಪದದೊಳಗೆ ಕರಗಿಹೋಗುತ್ತದೆ. ಆದ್ದರಿಂದ ಎಣಿಕೆಯ ಪದ ಆದ ಮೇಲೆ ಒಂದು ಚಿಟಿಕೆಯಷ್ಟು ನಿಂತು, ಪ್ರತ್ಯಯವನ್ನು ಬಿಡಿಯಾಗಿ, ಗಟ್ಟಿಯಾಗಿ ಹೇಳಿಸಬೇಕು.

ಇನ್ನು ಪದ್ಯದ ಒಳಗಿನ ವಿಷಯಕ್ಕೆ ಬರೋಣ. ಮೂರನೆಯ ಮತ್ತು ಐದನೆಯ ಸಾಲುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಕ್ಕಳು ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಅಲ್ಲೇ. ತೃತೀಯಾ ವಿಭಕ್ತಿ ಸಾಧನವನ್ನು ಹೇಳುತ್ತದೆ ಎನ್ನುತ್ತಾರೆ. ಮರದಿಂದ ಮನೆ ಕಟ್ಟಿದರು, ಕೊಡಲಿಯಿಂದ ಕಡಿದರು. ಪಂಚಮೀ ವಿಭಕ್ತಿ ಬೇರ್ಪಡುವುದನ್ನು, ಒಂದರಿಂದ ಇನ್ನೊಂದು ಹೊರಬರುವುದನ್ನು ಹೇಳುತ್ತದೆ ಎನ್ನುತ್ತಾರೆ. ಮರದಿಂದ ಎಲೆ ಬಿತ್ತು, ಊರಿನಿಂದ ಬಂದ. ಈಗ ಈ ನಾಲ್ಕು ವಾಕ್ಯಗಳನ್ನು ಇನ್ನೊಮ್ಮೆ ಓದಿ. ನಾಲ್ಕರಲ್ಲೂ ಇರುವುದು ‘ಇಂದ’ವೇ. ‘ಮರದ ದೆಸೆಯಿಂದ ಎಲೆ ಬಿತ್ತು’ ಎಂದು ಕನ್ನಡ ನಾಡಿನಲ್ಲಿ ಯಾರೂ ಹೇಳುವುದಿಲ್ಲ. ‘ದೆಸೆಯಿಂದ’ ಎಂಬುದು ಬಳಕೆಯಲ್ಲಿ ಇರುವುದೇನೋ ನಿಜ, ಆದರೆ ಬೇರೆ ಅರ್ಥದಲ್ಲಿ. ‘ಇವನ ದೆಸೆಯಿಂದ ನಮಗೆಲ್ಲ ತೊಂದರೆ’ ಎನ್ನುವಾಗ ಅದು ಕಾರಣವನ್ನು ಹೇಳುತ್ತದೆ.

ಹಾಗಾದರೆ ಐದನೆಯ ಪ್ರತ್ಯಯ ಎಲ್ಲಿಂದ ಬಂತು? ಸಂಸ್ಕೃತದಲ್ಲಿ ತೃತೀಯೆಗೆ ‘ರಾಮೇಣ’, ಪಂಚಮಿಗೆ ‘ರಾಮಾತ್’ ಎಂದು ಏಕವಚನದಲ್ಲಿ ಸ್ಪಷ್ಟವಾಗಿ ಎರಡು ರೂಪಗಳಿವೆ. ಕನ್ನಡಕ್ಕೆ ವ್ಯಾಕರಣ ಬರೆದ ಪಂಡಿತರ ಮುಂದೆ ಇದ್ದದ್ದು ಆ ಏಳು ಮನೆಗಳ ಚೌಕಟ್ಟು. ಐದನೆಯ ಮನೆಯನ್ನು ಖಾಲಿ ಬಿಡುವಂತಿರಲಿಲ್ಲ. ಹಳಗನ್ನಡದ ವ್ಯಾಕರಣದಲ್ಲಿ ಅಲ್ಲಿಗೆ ‘ಅತ್ತಣಿಂ’ ಎಂಬುದನ್ನು ತಂದರು, ಹೊಸಗನ್ನಡದ ವ್ಯಾಕರಣದಲ್ಲಿ ‘ದೆಸೆಯಿಂದ’ವನ್ನು ತಂದರು. ಎರಡನ್ನೂ ಬಿಡಿಸಿ ನೋಡಿದರೆ ಒಳಗಿರುವುದು ತೃತೀಯೆಯ ಪ್ರತ್ಯಯವೇ. ಅತ್ತಣ ಎಂಬುದರ ಮೇಲೆ ‘ಇಂ’, ದೆಸೆ ಎಂಬ ನಾಮಪದದ ಮೇಲೆ ‘ಇಂದ’. ಅಷ್ಟೇ ಅಲ್ಲ, ಅದರ ಹಿಂದೆ ಬರುವ ‘ಮರದ’ ಎಂಬ ರೂಪ ಷಷ್ಠಿಯದು. ಎಂದರೆ ಐದನೆಯ ವಿಭಕ್ತಿ ಎಂದು ನಾವು ಬಾಯಿಪಾಠ ಮಾಡುವುದು ಆರನೆಯದು, ಒಂದು ನಾಮಪದ, ಮೂರನೆಯದು ಇವು ಮೂರು ಸೇರಿ ಆದ ಪದಗುಚ್ಛ.

ಕನ್ನಡದ ವಿದ್ವಾಂಸರಲ್ಲಿ ಇದು ಹಳೆಯ ಚರ್ಚೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ ಬರೆದು, ಸಂಸ್ಕೃತದ ಚೌಕಟ್ಟನ್ನು ಕನ್ನಡದ ಮೇಲೆ ಹೇರಿದ್ದರಿಂದ ಆದ ತೊಡಕುಗಳನ್ನು ವಿಸ್ತಾರವಾಗಿ ತೋರಿಸಿದರು. ಅವರ ಎಲ್ಲ ಮಾತುಗಳನ್ನು ಒಪ್ಪದವರೂ ಪಂಚಮಿಯ ವಿಷಯದಲ್ಲಿ ತಲೆದೂಗಬೇಕಾಗುತ್ತದೆ. ಹೀಗಿದ್ದರೂ ಪದ್ಯದಲ್ಲಿ ಐದನೆಯ ಸಾಲನ್ನು ಏಕೆ ಇಟ್ಟಿರಿ ಎಂದು ನೀವು ಕೇಳಬಹುದು. ಶಾಲೆಯ ಪಾಠದಲ್ಲಿ ಅದು ಇದೆ, ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ, ಮಗು ಅಂಕ ಕಳೆದುಕೊಳ್ಳಬಾರದು. ಜೊತೆಗೆ ಹಳೆಯ ಗದ್ಯ ಓದುವಾಗ ಆ ರೂಪ ಎದುರಾದರೆ ಗುರುತು ಸಿಗಬೇಕು. ‘ಫಲ’ ಎಂಬ ಪದವನ್ನು ಆರಿಸಿದ್ದು ಕೂಡ ಇದಕ್ಕಾಗಿಯೇ. ಮರದ ಕಾರಣದಿಂದ ಹಣ್ಣು ಎಂದರೂ ಸರಿ, ಮರದ ಕಡೆಯಿಂದ ಬಂದ ಹಣ್ಣು ಎಂದರೂ ಸರಿ, ಎರಡೂ ಅರ್ಥಕ್ಕೆ ಅಲ್ಲಿ ಎಡೆ ಇದೆ. ಆದರೆ ಕಲಿಸುವವರು ಒಂದು ಮಾತು ಸೇರಿಸಲೇಬೇಕು: ಬಳಕೆಯಲ್ಲಿ ಮೂರಕ್ಕೂ ಐದಕ್ಕೂ ‘ಇಂದ’ವೇ ನಡೆಯುತ್ತದೆ, ಯಾವುದು ಯಾವುದೆಂದು ತಿಳಿಯುವುದು ವಾಕ್ಯದ ಕ್ರಿಯಾಪದದಿಂದ. ಕಟ್ಟಿದರು, ಕೊಯ್ದರು ಎಂದಿದ್ದರೆ ಸಾಧನ. ಬಿತ್ತು, ಇಳಿದ, ಬಂದ ಎಂದಿದ್ದರೆ ಅಗಲಿಕೆ.

ಎಂಟನೆಯ ಸಾಲಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪಾಣಿನಿಯ ಲೆಕ್ಕದಲ್ಲಿ ವಿಭಕ್ತಿಗಳು ಏಳೇ, ಕರೆಯುವುದು ಪ್ರಥಮೆಯದೇ ಒಂದು ಬಳಕೆ. ಶಾಲೆಯಲ್ಲಿ ಸಂಬೋಧನೆಯನ್ನೂ ಸೇರಿಸಿ ಎಂಟು ಎಣಿಸುವ ರೂಢಿ ಇರುವುದರಿಂದ ಇಲ್ಲಿ ಅದಕ್ಕೂ ಒಂದು ಸಾಲು. ಸಂಬೋಧನೆಗೆ ಏ ಒಂದೇ ಅಲ್ಲ, ‘ರಾಮಾ’ ಎಂಬಲ್ಲಿನ ಆ, ‘ಅಣ್ಣಗಳಿರಾ’ ಎಂಬಲ್ಲಿನ ಇರಾ ಕೂಡ ಇವೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು.

ಪದ್ಯ ಬಾಯಿಗೆ ಬಂದ ಮೇಲೆ ಅದನ್ನು ಬಳಸುವುದು ಹೇಗೆ? ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರಶ್ನೆ ಬರುತ್ತದೆ. ಒಂದು ಪದ ಕೊಟ್ಟು ವಿಭಕ್ತಿ ಗುರುತಿಸಿ ಎನ್ನುತ್ತಾರೆ, ಇಲ್ಲವೇ ಒಂದು ಪದಕ್ಕೆ ಎಲ್ಲ ವಿಭಕ್ತಿ ಪ್ರತ್ಯಯಗಳನ್ನು ಸೇರಿಸಿ ಬರೆಯಿರಿ ಎನ್ನುತ್ತಾರೆ. ಮೊದಲನೆಯ ಬಗೆಯಲ್ಲಿ ‘ಬೆಟ್ಟದಲ್ಲಿ’ ಎಂದು ಕೊಟ್ಟರು ಎನ್ನೋಣ. ಮಗು ಪದದ ಕೊನೆಯನ್ನು ಕೇಳಿಸಿಕೊಳ್ಳಬೇಕು, ‘ಅಲ್ಲಿ’ ಸಿಗುತ್ತದೆ. ಪದ್ಯದಲ್ಲಿ ‘ಅಲ್ಲಿ’ ಬರುವುದು ಗಿಳಿಯ ಸಾಲಿನಲ್ಲಿ, ಅದು ಏಳನೆಯದು, ಏಳನೆಯದೆಂದರೆ ಸಪ್ತಮೀ. ‘ಬೆಟ್ಟದ ಮೇಲೆ’ ಎಂದು ಕೊಟ್ಟರೆ? ಇಲ್ಲಿ ಬಹಳ ಮಕ್ಕಳು ಸಪ್ತಮೀ ಎಂದು ಬರೆಯುತ್ತಾರೆ, ಏಕೆಂದರೆ ಅರ್ಥದಲ್ಲಿ ಜಾಗ ಇದೆ. ಆದರೆ ‘ಬೆಟ್ಟದ’ ಎಂಬುದರ ಕೊನೆಯಲ್ಲಿ ಇರುವುದು ‘ಅ’. ಎಲೆಯ ಸಾಲು, ಆರನೆಯದು, ಷಷ್ಠೀ. ‘ಮೇಲೆ’ ಎಂಬುದು ಬೇರೆ ಪದ. ವಿಭಕ್ತಿಯನ್ನು ತೀರ್ಮಾನಿಸುವುದು ಪ್ರತ್ಯಯ. ಪ್ರತ್ಯಯವನ್ನು ನೋಡದೆ ಅರ್ಥವನ್ನಷ್ಟೇ ಹಿಡಿದು ಹೊರಟರೆ ಉತ್ತರ ತಪ್ಪುತ್ತದೆ.

ಇದಕ್ಕಿಂತ ನವಿರಾದ ಒಂದು ತೊಡಕು ‘ಉ’ದಲ್ಲಿದೆ. ‘ಸೀತೆ ಹಣ್ಣು ತಿಂದಳು’ ಎಂಬ ವಾಕ್ಯದಲ್ಲಿ ‘ಹಣ್ಣು’ ಯಾವ ವಿಭಕ್ತಿ? ಕೊನೆಯಲ್ಲಿ ಉ ಕೇಳುತ್ತದೆ, ಹಾಗಾಗಿ ಪ್ರಥಮಾ ಎನ್ನಲು ಮನಸ್ಸಾಗುತ್ತದೆ. ಆದರೆ ಆ ಉಕಾರ ಹಣ್ಣು ಎಂಬ ಪದದ್ದೇ, ಪ್ರತ್ಯಯದ್ದಲ್ಲ. ತಿಂದದ್ದು ಏನನ್ನು? ಹಣ್ಣನ್ನು. ‘ಅನ್ನು’ ಲೋಪವಾಗಿದೆ. ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳ ವಿಷಯದಲ್ಲಿ ಈ ಲೋಪ ದಿನಬೆಳಗಾದರೆ ನಡೆಯುವಂಥದ್ದು. ನೀರು ಕುಡಿ, ಪುಸ್ತಕ ಓದು, ಬಾಗಿಲು ಹಾಕು. ಮನುಷ್ಯರ ವಿಷಯದಲ್ಲಿ ಹಾಗಾಗುವುದಿಲ್ಲ. ‘ರಾಮನನ್ನು ಕರೆ’ ಎನ್ನಬೇಕೇ ಹೊರತು ‘ರಾಮನು ಕರೆ’ ಎನ್ನಲಾಗದು. ಪ್ರಥಮೆಯ ಉಕಾರವೂ ಮಾತಿನಲ್ಲಿ ಹೆಚ್ಚಾಗಿ ಬಿದ್ದುಹೋಗುತ್ತದೆ. ‘ಮರ ಬಿತ್ತು’ ಎನ್ನುತ್ತೇವೆಯೇ ಹೊರತು ‘ಮರವು ಬಿತ್ತು’ ಎಂದು ಮನೆಯಲ್ಲಿ ಯಾರೂ ಆಡುವುದಿಲ್ಲ. ಪದ್ಯ ತುಂಬಿದ ರೂಪಗಳನ್ನು ಕೊಡುತ್ತದೆ. ಎಲ್ಲಿ ಯಾವುದು ಬಿದ್ದುಹೋಗುತ್ತದೆ ಎಂಬುದನ್ನು ಆಡುಮಾತಿನಿಂದಲೇ ತೋರಿಸಿಕೊಡಬೇಕು. ಉತ್ತರ ಕರ್ನಾಟಕದ ಮಗು ಮನೆಯಲ್ಲಿ ‘ಮರದಾಗ’ ಎಂದರೆ ಅದೂ ಏಳನೆಯ ಸಾಲಿನದ್ದೇ ರೂಪ ಎಂದು ಹೇಳಿಕೊಡಿ. ತನ್ನ ಮಾತು ತಪ್ಪೆಂದು ಮಗು ಅಂದುಕೊಳ್ಳಬಾರದು.

ಎರಡನೆಯ ಬಗೆಯ ಪ್ರಶ್ನೆಯಲ್ಲಿ ಪದ್ಯದ ಮಿತಿ ಬಯಲಾಗುತ್ತದೆ. ಮರದಂತೆಯೇ ನಡೆಯುವ ಪದಗಳು ಬಹಳ: ಪುಸ್ತಕ, ಬೆಟ್ಟ, ಹೊಲ, ದೇಶ, ಕೆಲಸ. ಅಕಾರದಲ್ಲಿ ಮುಗಿಯುವ ನಪುಂಸಕಲಿಂಗದ ಪದಗಳೆಲ್ಲ ಈ ಗುಂಪಿನವು. ಆದರೆ ‘ಗುರು’ ಎಂದು ಕೊಟ್ಟರೆ ಮರದ ಅಚ್ಚು ಹೊಂದುವುದಿಲ್ಲ. ಗುರುವು, ಗುರುವನ್ನು ಎಂಬಲ್ಲಿಯವರೆಗೆ ಸರಿಯಾಗಿ ಬಂತು. ಮೂರನೆಯದು ಗುರುದಿಂದ ಅಲ್ಲ, ಗುರುವಿನಿಂದ. ನಾಲ್ಕನೆಯದು ಗುರುಕ್ಕೆ ಅಲ್ಲ, ಗುರುವಿಗೆ. ಆರನೆಯದು ಗುರುವಿನ, ಏಳನೆಯದು ಗುರುವಿನಲ್ಲಿ. ಮರದಲ್ಲಿ ‘ದ’ ಬಂದ ಕಡೆಗಳಲ್ಲೆಲ್ಲ ಇಲ್ಲಿ ‘ಇನ’ ಬಂದಿದೆ, ಪ್ರತ್ಯಯ ಮಾತ್ರ ಅದೇ ಇದೆ. ಇಂದ ಇಂದವೇ, ಅಲ್ಲಿ ಅಲ್ಲಿಯೇ. ನಡುವಿನ ಅಕ್ಷರವನ್ನು ಪದ ನಿರ್ಧರಿಸುತ್ತದೆ, ಕೊನೆಯ ಪ್ರತ್ಯಯವನ್ನು ವಿಭಕ್ತಿ ನಿರ್ಧರಿಸುತ್ತದೆ. ಇದೊಂದು ಮಾತು ಮಗುವಿಗೆ ಹೊಳೆದರೆ ಅಚ್ಚುಗಳನ್ನೆಲ್ಲ ಬೇರೆ ಬೇರೆಯಾಗಿ ಉರುಹಾಕುವ ಹೊರೆ ಇಳಿಯುತ್ತದೆ.

ನಾಲ್ಕನೆಯ ವಿಭಕ್ತಿಯಲ್ಲಿ ಮಾತ್ರ ಪ್ರತ್ಯಯವೂ ವೇಷ ಬದಲಿಸುತ್ತದೆ. ಮರಕ್ಕೆ, ಗುರುವಿಗೆ, ಹುಡುಗಿಗೆ. ಬಹುವಚನಕ್ಕೆ ಹೋದರೆ ಮರವೇ ‘ಕ್ಕೆ’ಯನ್ನು ಬಿಟ್ಟು ‘ಇಗೆ’ಯನ್ನು ಹಿಡಿದು ‘ಮರಗಳಿಗೆ’ ಆಗುತ್ತದೆ. ಹಾಗಾಗಿ ಆ ಸಾಲಿನಲ್ಲಿ ಗೆ, ಕ್ಕೆ ಎರಡನ್ನೂ ಹೆಸರಿಸಿ ಇಟ್ಟಿದ್ದೇನೆ, ಉದಾಹರಣೆ ಒಂದೇ ಇದ್ದರೂ. ಉಳಿದಂತೆ ಬಹುವಚನ ಕನ್ನಡದಲ್ಲಿ ಬಹಳ ಸುಲಭ. ‘ಗಳು’ ಸೇರಿಸಿ ಅದರ ಮೇಲೆ ಅದೇ ಪ್ರತ್ಯಯ ಹಚ್ಚಿದರಾಯಿತು: ಮರಗಳನ್ನು, ಮರಗಳಿಂದ, ಮರಗಳಲ್ಲಿ. ಸಂಸ್ಕೃತದಲ್ಲಿ ವಚನವೂ ವಿಭಕ್ತಿಯೂ ಒಂದೇ ಪ್ರತ್ಯಯದಲ್ಲಿ ಬೆಸೆದುಕೊಂಡಿರುವುದರಿಂದ ಏಕವಚನ, ದ್ವಿವಚನ, ಬಹುವಚನ ಸೇರಿ ಒಂದೊಂದು ಶಬ್ದಕ್ಕೂ ಇಪ್ಪತ್ತನಾಲ್ಕು ರೂಪಗಳನ್ನು ಒಪ್ಪಿಸಬೇಕು. ಕನ್ನಡದಲ್ಲಿ ಎಂಟು ಸಾಲಿಗೆ ಕೆಲಸ ಮುಗಿಯುವುದು ನಮ್ಮ ನುಡಿಯ ಈ ಜೋಡಣೆಯ ಗುಣದಿಂದ.

ಪದ್ಯ ಬಾಯಿಗೆ ಬಂತೋ ಇಲ್ಲವೋ ಎಂದು ತಿಳಿಯಲು ಮೊದಲಿನಿಂದ ಹೇಳಿಸಬೇಡಿ. ಓಟದಲ್ಲಿ ಎಲ್ಲರೂ ಹೇಳಿಬಿಡುತ್ತಾರೆ. ‘ಆರನೆಯದು ಯಾವುದು?’ ಎಂದು ನಡುವೆ ಕೇಳಿ. ಮೊದಲ ಕೆಲವು ದಿನ ಮಗು ಒಂದರಿಂದ ಗುನುಗಿಕೊಂಡು ಬಂದು ಆರಕ್ಕೆ ನಿಲ್ಲುತ್ತದೆ. ಅದರಲ್ಲಿ ತಪ್ಪಿಲ್ಲ. ಬರಬರುತ್ತ ‘ಮರದ ಎಲೆ’ ಎಂದು ನೇರವಾಗಿ ಹಿಡಿಯುತ್ತದೆ. ಆಮೇಲೆ ತಿರುಗಿಸಿ ಕೇಳಿ: ‘ಇಂದ 'ಎಷ್ಟನೆಯದು?’ ಮೂರು ಎಂದರೆ ಪೂರ್ತಿ ಸರಿ. ‘ಮೂರು, ಆದರೆ ಐದರಲ್ಲೂ ಬರುತ್ತದೆ’ ಎಂದರೆ ಆ ಮಗುವಿಗೆ ವ್ಯಾಕರಣ ಅರ್ಥವಾಗಿದೆ.

ಕೊನೆಗೆ ‘ಬಸ್ಸು’ ಎಂಬ ಪದ ಕೊಟ್ಟು ಎಂಟೂ ರೂಪ ಹೇಳಿಸಿ. ಬಸ್ಸು, ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ, ಬಸ್ಸಿನ ದೆಸೆಯಿಂದ, ಬಸ್ಸಿನ, ಬಸ್ಸಿನಲ್ಲಿ, ಬಸ್ಸೇ. ಇಂಗ್ಲಿಷಿನಿಂದ ಬಂದ ಪದ ಕನ್ನಡದ ಉಕಾರ ಹಚ್ಚಿಕೊಂಡು, ಗುರುವಿನಂತೆ ‘ಇನ’ವನ್ನೂ ಇಟ್ಟುಕೊಂಡಿದೆ. ಪುಸ್ತಕ ನೋಡದೆ ಮಗು ಇಷ್ಟನ್ನು ಹೇಳಿದರೆ ಮಾರನೆಯ ದಿನ ‘ಸಿನಿಮಾ’ ಕೊಡಿ. ಸಿನಿಮಾಕ್ಕೆ ಎನ್ನುವವರೂ ಇದ್ದಾರೆ, ಸಿನಿಮಾಗೆ ಎನ್ನುವವರೂ ಇದ್ದಾರೆ. ಎರಡನ್ನೂ ಒಪ್ಪಿಕೊಳ್ಳಿ, ಆದರೆ ಎರಡೂ ನಾಲ್ಕನೆಯ ಸಾಲಿನವು ಎಂದು ಮಗುವಿನ ಬಾಯಿಂದಲೇ ಹೇಳಿಸಿ.